ಫಲಿತಾಂಶ ಮೊದಲು, ಪ್ರಯೋಗ ಆಮೇಲೆ

ದಾವಣಗೆರೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು ನೋಟಿಸ್ ಅಂಟಿಸಿದ್ದಾರೆ. ಅಂತರಶಾಲಾ ವಿಜ್ಞಾನ ಸ್ಪರ್ಧೆಗೆ ವಿಷಯ ಬೇಕಂತೆ. ವಿಭಾಗಗಳು ಐದು: ನೀರು, ಶಕ್ತಿ, ಆರೋಗ್ಯ, ಬಾಹ್ಯಾಕಾಶ, ಸ್ವಚ್ಛತೆ. ಎಂಟರಿಂದ ಹತ್ತನೇ ತರಗತಿಯವರು, ತಂಡಕ್ಕೆ ಇಬ್ಬರು. ಇಷ್ಟೇ ಆಗಿದ್ದರೆ ನಾನು ಸುಮ್ನೆ ಇರುತ್ತಿದ್ದೆ. ಕೆಳಗೆ ಷರತ್ತುಗಳಿವೆ. ವಿಷಯ ಹೊಸದಾಗಿರಬೇಕು, ಹಿಂದೆ ಬಹುಮಾನ ಬಂದದ್ದಾದರೆ ಆದ್ಯತೆ. ‘ಫಲಿತಾಂಶ’ ಎಂಬ ಕಾಲಂ ತುಂಬದ ಅರ್ಜಿ ತೆಗೆದುಕೊಳ್ಳುವುದಿಲ್ಲ. ಪ್ರಯೋಗ ಶುರು ಮಾಡುವುದು ಅರ್ಜಿ ಪಾಸಾದ ಮೇಲೆ.

ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಇದನ್ನು ನಂಬಿ ಅರ್ಜಿ ಹಾಕಿದಳು. ಅವಳಪ್ಪ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಾರೆ. "ಸಾರ್, ಒಂದೇ ಮರಳು, ಒಂದೇ ಬೆಂಕಿ, ಆದ್ರೂ ಕೆಲವು ಅಕ್ಕಿ ಅರಳಲ್ಲ, ಯಾಕೆ?" ಅನ್ನುವುದು ಅವಳ ವಿಷಯ.

ಅರ್ಧ ಉತ್ತರ ಅವಳಿಗೆ ಗೊತ್ತಿತ್ತು. ಬಿಸಿ ಮರಳಿಗೆ ಬಿದ್ದ ಅಕ್ಕಿಯ ಒಳಗಿನ ನೀರು ಆವಿಯಾಗುತ್ತದೆ, ಮೆತ್ತಗಾದ ಪಿಷ್ಟವನ್ನು ಉಬ್ಬಿಸುತ್ತದೆ. ಅಕ್ಕಿ ತೀರಾ ಒಣಗಿದ್ದರೆ ಆವಿಯೇ ಸಾಲದು. ಹಸಿ ಜಾಸ್ತಿಯಾದರೂ ಸರಿಯಾಗಿ ಅರಳುವುದಿಲ್ಲ. ಹಾಗಾದರೆ ಎಷ್ಟು ಹಸಿ ಇರಬೇಕು? ಅದನ್ನೇ ನೋಡೋಣ ಅಂತ ಒಂದೇ ಚೀಲದ ಅಕ್ಕಿಯನ್ನು ಮೂರು ಪಾಲು ಮಾಡುವುದಾಗಿ ಬರೆದಿದ್ದಳು: ಒಂದನ್ನು ಬಿಸಿಲಿಗೆ ಹಾಕುವುದು, ಒಂದನ್ನು ಹಾಗೇ ಇಡುವುದು, ಒಂದಕ್ಕೆ ಸ್ವಲ್ಪ ನೀರು ಚಿಮುಕಿಸಿ ರಾತ್ರಿ ಮುಚ್ಚಿಡುವುದು. ಪ್ರತಿ ಪಾಲಿನಿಂದ 100 ಕಾಳು ಹುರಿದು, ಅರಳಿದ್ದನ್ನು ಎಣಿಸುವುದು.

ತೊಡಕು ಮರಳಿನದು. ಶಾಲೆಯ ಥರ್ಮಾಮೀಟರ್ 110 ಡಿಗ್ರಿಗೇ ಮುಗಿಯುತ್ತದೆ, ಭಟ್ಟಿಯ ಮರಳು ಅದಕ್ಕಿಂತ ಎಷ್ಟೋ ಬಿಸಿ. ಅಳೆಯಲು ಆಗದಿದ್ದರೆ ಬೇಡ ಬಿಡಿ, ಅವಳು ಬೇರೆ ದಾರಿ ಹುಡುಕಿದ್ದಳು. ಪ್ರತಿ ಸಲ ಹುರಿಯುವ ಮುಂಚೆ ಹಾಗೇ ಇಟ್ಟ ಅಕ್ಕಿಯ ಒಂದು ಹಿಡಿಯನ್ನು ಮರಳಿಗೆ ಹಾಕಿ ನೋಡುವುದು. ಅದು ಹೋದ ಸಲದಷ್ಟೇ ಅರಳಿದರೆ ಮರಳಿನ ಕಾವು ಹೆಚ್ಚುಕಡಿಮೆ ಅಷ್ಟೇ ಇದೆ ಅಂತ, ಕಡಿಮೆ ಅರಳಿದರೆ ಬೆಂಕಿ ಇಳಿದಿದೆ, ಆ ಸಲದ ಲೆಕ್ಕ ಬಿಡಬೇಕು ಅಂತ. ಈ ಒಂದು ಸಾಲಿಗೇ ನಾನಾಗಿದ್ದರೆ ಬಹುಮಾನ ಕೊಟ್ಟು ಮನೆಗೆ ಕಳಿಸುತ್ತಿದ್ದೆ.

ಫಲಿತಾಂಶದ ಕಾಲಮ್ಮಿನಲ್ಲಿ "ಇನ್ನೂ ಗೊತ್ತಿಲ್ಲ, ಎಣಿಸಿ ಹೇಳುತ್ತೇನೆ" ಎಂದು ಬರೆದಿದ್ದಳು. ಅರ್ಜಿ ವಾಪಸ್ ಬಂತು. ಕೆಂಪು ಶಾಯಿಯಲ್ಲಿ ಎರಡು ಕಾರಣ: ‘ಮಂಡಕ್ಕಿ ಯಾವ ವಿಭಾಗಕ್ಕೂ ಸೇರುವುದಿಲ್ಲ. ಗೊತ್ತಿಲ್ಲದ ವಿಷಯ ಆರಿಸಬಾರದು.’

ಆಯ್ಕೆಯಾದದ್ದು ಅಡುಗೆ ಸೋಡಾ, ವಿನೆಗರ್ ಸುರಿದು ನೊರೆ ಉಕ್ಕಿಸುವ ಜ್ವಾಲಾಮುಖಿ. ದಾವಣಗೆರೆಯಲ್ಲಿ ಜ್ವಾಲಾಮುಖಿ! ವಿಭಾಗ: ಶಕ್ತಿ. ಫಲಿತಾಂಶ: ಯಶಸ್ವಿ. ಥರ್ಮಾಕೋಲ್ ಗುಡ್ಡಕ್ಕೆ ಇನ್ನೂ ಬಣ್ಣವೇ ಹಚ್ಚಿರಲಿಲ್ಲ.

ನೋಟಿಸಿನ ಕೊನೇ ಸಾಲು ಓದದೆ ಬರಬೇಡಿ: ‘ತೀರ್ಪುಗಾರರಿಗೆ ಉಪಾಹಾರ, ಮಂಡಕ್ಕಿ ಮತ್ತು ಮೆಣಸಿನಕಾಯಿ ಬಜ್ಜಿ.’