ಎರಡು ಕೆಜಿ ಜೀರಿಗೆ

ಮೈಸೂರಿನ ಅಗ್ರಹಾರದಲ್ಲಿ, ನಮ್ಮ ಬೀದಿಯ ಮೂಲೆಗೆ ಶೆಟ್ರ ದಿನಸಿ ಅಂಗಡಿ. ದಸರಾ ರಜೆಗೆ ಬಂದ ಮೊಮ್ಮಗ ಹಠ ಹಿಡಿದ. "ತಾತ, ಹತ್ತು ನಿಮಿಷಕ್ಕೆ ಮನೆ ಬಾಗ್ಲಿಗೆ ಸಾಮಾನು ತಂದ್ಕೊಡೋರು ಬಂದ್ಬಿಟ್ಟಿದ್ದಾರೆ. ನೀವು ಹಿಂಗೇ ಕೂತ್ರೆ ಆಗುತ್ತಾ?"

"ನಾನು ಎರಡೇ ನಿಮಿಷಕ್ಕೆ ಕೊಡ್ತೀನಿ ಕಣೋ. ಗಿರಾಕಿಗಳು ಇಲ್ಲೀವರೆಗೂ ನಡ್ಕೊಂಡು ಬರ್ಬೇಕು ಅಷ್ಟೆ."

ಕೊನೆಗೆ ವಾಟ್ಸಾಪ್ ಬಿಸಿನೆಸ್ಸಿಗೆ ಒಪ್ಪಿದರು. ಅದಕ್ಕೆ ದುಡ್ಡು ಕೊಡಬೇಕಿಲ್ಲ ಅಂತ ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡ ಮೇಲೆ.

ಸೋಪು, ಬಿಸ್ಕತ್ತು, ಶಾಂಪೂ ಬೇಗ ಮುಗಿದವು. ಫೋಟೋ ಹೊಡೆದು, ಪೊಟ್ಟಣದ ಮೇಲಿರುವ ಬೆಲೆ ನೋಡಿ ಕ್ಯಾಟಲಾಗಿಗೆ ಹಾಕಿದರಾಯಿತು. ತಕರಾರು ಶುರುವಾದದ್ದು ಮೂಟೆಗಳ ಹತ್ತಿರ.

"ತಾತ, ಅಕ್ಕಿ ರೇಟೆಷ್ಟು?"

"ಯಾರಿಗೆ?"

ಹುಡುಗ ತಬ್ಬಿಬ್ಬಾದ. ಶೆಟ್ರು ಕೇಳಿದ್ದರಲ್ಲಿ ಅರ್ಥವಿತ್ತು. ಸೋನಾ ಮಸೂರಿ ಹಳೇದೋ ಹೊಸದೋ ಅಂತ ನೋಡಬೇಕು. ಹಳೇದು ಉದುರುದುರಾಗುತ್ತೆ, ಜಾಸ್ತಿ ನೀರು ಕೇಳುತ್ತೆ. ಹೊಸದು ಮುದ್ದೆಯಾಗುತ್ತೆ, ಹಲ್ಲಿಲ್ಲದ ಅಜ್ಜಿ ಇರುವ ಮನೆಗೆ ಅದೇ ಸರಿ. ಶೆಟ್ರು ಎರಡು ಕಾಳು ಹಲ್ಲಿಗೆ ಕೊಟ್ಟು ಹೇಳಿಬಿಡುತ್ತಾರೆ. ಫೋನಿನಲ್ಲಿ ಮೂರೂ ಮೂಟೆ ಒಂದೇ ಥರ ಬೆಳ್ಳಗೆ ಕಂಡವು.

ಜೀರಿಗೆಗೆ ಮೊಮ್ಮಗ "100 ಗ್ರಾಂ, 40 ರೂಪಾಯಿ" ಎಂದು ಬರೆದ. ತಪ್ಪೇನಿಲ್ಲ. ಆದರೆ ನಮ್ಮ ಬೀದಿಯಲ್ಲಿ ಜೀರಿಗೆಯನ್ನು ಗ್ರಾಂ ಲೆಕ್ಕದಲ್ಲಿ ಯಾರು ಕೇಳಿದ್ದಾರೆ? "ಇಪ್ಪತ್ತು ರೂಪಾಯಿ ಜೀರಿಗೆ ಕೊಡಿ" ಅಂತಲೇ ಕೇಳೋದು. ಎದುರುಮನೆ ಸಾವಿತ್ರಮ್ಮ ಅದೇ ಅಭ್ಯಾಸದಲ್ಲಿ ಎಷ್ಟು ಬೇಕು ಅನ್ನೋ ಕಡೆ ಪ್ಲಸ್ ಒತ್ತಿ ಒತ್ತಿ 20 ಮಾಡಿ ಕಳಿಸಿದರು. ಆರ್ಡರ್ ಬಂದು ಬಿತ್ತು: 20 ಐಟಂ, 800 ರೂಪಾಯಿ. ಐವತ್ತು ಗ್ರಾಂ ಬೇಕಿದ್ದವರಿಗೆ ಎರಡು ಕೆಜಿ.

ಬೇರೆ ಆ್ಯಪ್ ಆಗಿದ್ದರೆ ಸುಮ್ನೆ ಮೂಟೆ ಕಟ್ಟಿ ಕಳಿಸುತ್ತಿತ್ತೇನೋ. ಶೆಟ್ರು ಕುರ್ಚಿಯಿಂದ ಏಳದೆ ರಸ್ತೆಯಾಚೆಗೆ ಕೂಗಿದರು. "ಏನ್ ಸಾವಿತ್ರಮ್ಮೋರೇ, ಮಗಳಿಗೆ ಗಂಡು ಗೊತ್ತಾಯ್ತಾ? ಹೇಳ್ಲೇ ಇಲ್ವಲ್ಲ!"

ಅವತ್ತೇ ತಿದ್ದುಪಡಿ ಆಯಿತು. ಈಗ ಕ್ಯಾಟಲಾಗಿನಲ್ಲಿ "ಇಪ್ಪತ್ತು ರೂಪಾಯಿ ಜೀರಿಗೆ" ಎಂದೇ ಇದೆ, ತೂಕ ಬರೆದಿಲ್ಲ. ರೇಟು ಏರಿದರೆ ಬೆಲೆ ಬದಲಿಸುವ ಗೋಜಿಲ್ಲ, ತಕ್ಕಡಿಯಲ್ಲಿ ನಾಲ್ಕು ಕಾಳು ಕಮ್ಮಿಯಾಗುತ್ತೆ, ಅಷ್ಟೆ.

ಇಷ್ಟರಲ್ಲಿ ಶೆಟ್ರಿಗೆ ನಿಜವಾಗಿ ಹಿಡಿಸಿದ್ದು ಲೇಬಲ್ಲು. ಗಿರಾಕಿಯ ಹೆಸರು ಒತ್ತಿ ಹಿಡಿದರೆ Pending payment ಅಂತ ಬಣ್ಣದ ಚೀಟಿ ಅಂಟಿಸಬಹುದು. ಕೆಂಪು ರಟ್ಟಿನ ಸಾಲದ ಪುಸ್ತಕ ತೆಗೆದು, ಒಂದು ಮಧ್ಯಾಹ್ನ ನಿದ್ದೆ ಬಿಟ್ಟು ಕೂತು, ಇಡೀ ಬೀದಿಗೆ ಅಂಟಿಸಿದರು. ಮೇಷ್ಟ್ರು, ಸಾವಿತ್ರಮ್ಮ, ನಾನು, ಯಾರೂ ಉಳಿಯಲಿಲ್ಲ.

ಮೊಮ್ಮಗ ಊರಿಗೆ ಹೊರಡುವ ಮುಂಚೆ ಪಟ್ಟಿ ನೋಡಿದ. "ತಾತ, ಇದರಲ್ಲಿ ನನ್ನ ಹೆಸರೂ ಇದೆಯಲ್ಲ?"

"ರಜೆ ಪೂರ್ತಿ ಡಬ್ಬದಿಂದ ಕಡಲೆಮಿಠಾಯಿ ತೆಗೆದು ತಿಂದೋನು ಯಾರು?"