ಹನ್ನೊಂದು ನಿಮಿಷ ತಡಕ್ಕೆ ಹದಿನಾರು ಪೌಂಡ್

ಹುಬ್ಬಳ್ಳಿ ಕಡೆಯಿಂದ ಬರುವ ರೈಲು ಎರಡು ತಾಸು ತಡವಾಗಿ ಬೆಂಗಳೂರು ಮುಟ್ಟಿದರೆ ನಾವು ಗೊಣಗುತ್ತಾ ಇಳಿದು ಆಟೋ ಹುಡುಕುತ್ತೇವೆ, ಅಷ್ಟೇ ಅಲ್ವಾ? ಹತ್ತುವ ಸ್ಟೇಷನ್ನಿಗೇ ರೈಲು 3 ತಾಸಿಗಿಂತ ಜಾಸ್ತಿ ತಡವಾಗಿ, ನಾವು ಪ್ರಯಾಣವನ್ನೇ ಬಿಟ್ಟರೆ, ಟಿಡಿಆರ್ ಎಂಬ ರೀಫಂಡ್ ಅರ್ಜಿ ಹಾಕಿ ಪೂರ್ತಿ ಹಣ ಕೇಳಬಹುದು. ಹತ್ತಿ ಕೂತಮೇಲೆ ಎಷ್ಟೇ ತಡವಾದರೂ ಕೇಳುವಂತಿಲ್ಲ.

ಇಂಗ್ಲೆಂಡಿಗೆ ಬಂದಮೇಲೆ 'ಡಿಲೇ ರಿಪೇ' ಎಂಬುದು ಗೊತ್ತಾಯಿತು. ಇಲ್ಲಿ ಲೆಕ್ಕ ಇಳಿಯುವ ಕಡೆಯದು. ಸಾಮಾನ್ಯವಾಗಿ 15 ನಿಮಿಷ ತಡವಾದರೆ ಒಂದು ಬದಿಯ ಪ್ರಯಾಣದ ದರದ ಕಾಲು ಭಾಗ, 30 ಆದರೆ ಅರ್ಧ, ಒಂದು ತಾಸು ದಾಟಿದರೆ ಪೂರ್ತಿ ವಾಪಸ್. ರೈಲು ಓಡಿಸುವ ಕೆಲವು ಕಂಪನಿಗಳಲ್ಲಿ ಮಾತ್ರ 30 ನಿಮಿಷದಿಂದ ಶುರು. ನನಗೆ ಇಷ್ಟವಾಗಿದ್ದು ಇನ್ನೊಂದು. ಸಿಗ್ನಲ್ ಕೆಟ್ಟಿತೋ, ಹಳಿ ಮೇಲೆ ಮರ ಬಿತ್ತೋ, ಯಾರೂ ಕಾರಣ ಕೇಳುವುದಿಲ್ಲ.

ಆದರೆ ಯಾರನ್ನು ಕೇಳಬೇಕು ಅನ್ನುವುದರಲ್ಲಿ ನಾನು ಎಡವಿದೆ. 64 ಪೌಂಡಿನ ಹೋಗಿಬರುವ ಟಿಕೆಟ್. ವಾಪಸ್ ಬರುವಾಗ ಬರ್ಮಿಂಗ್‌ಹ್ಯಾಮಿನಲ್ಲಿ ರೈಲು ಬದಲಿಸಬೇಕಿತ್ತು, ನಡುವೆ 14 ನಿಮಿಷ ಇತ್ತು. ಮೊದಲ ರೈಲು 11 ನಿಮಿಷ ತಡ. ಮೆಟ್ಟಿಲು ಹತ್ತಿ, ಓಡಿ, ಇನ್ನೊಂದು ಪ್ಲಾಟ್‌ಫಾರ್ಮಿಗೆ ಇಳಿಯುವಷ್ಟರಲ್ಲಿ ಎರಡನೆಯದರ ಬಾಗಿಲು ಮುಚ್ಚಿತ್ತು. ಅದರ ಮುಂದಿನ ರೈಲಿನಲ್ಲಿ ಊರು ಸೇರಿದಾಗ 34 ನಿಮಿಷ ತಡ.

ಊರಿಗೆ ತಂದಿಳಿಸಿದ ರೈಲಿನ ಕಂಪನಿಗೇ ಅರ್ಜಿ ಹಾಕಿದೆ. 'ನಮ್ಮ ರೈಲು ಸಮಯಕ್ಕೆ ಸರಿಯಾಗಿ ಓಡಿದೆ' ಅಂತ ತಿರಸ್ಕರಿಸಿದರು. ಅವರು ಹೇಳಿದ್ದು ಸರಿಯೇ. ತಡ ಶುರುವಾಗಿದ್ದು ಯಾರ ರೈಲಿನಲ್ಲೋ ಅವರೇ ಕೊಡಬೇಕು. ಹಾಗಂತ ಮೊದಲ ರೈಲಿನ 11 ನಿಮಿಷವಷ್ಟೇ ಲೆಕ್ಕಕ್ಕೆ ಬರುವುದಿಲ್ಲ. ಅದರಿಂದಾಗಿ ಊರಿಗೆ ಬಂದ 34 ನಿಮಿಷದ ತಡವೇ ಲೆಕ್ಕ. ಬರುವ ಕಡೆಯ ದರ 32 ಪೌಂಡ್, ಅದರಲ್ಲಿ ಅರ್ಧ 16. ಮೊದಲ ಕಂಪನಿಯ ಫಾರಂನಲ್ಲಿ ಹೊರಟ ಸ್ಟೇಷನ್, ಇಳಿದ ಸ್ಟೇಷನ್, ಹಿಡಿಯಬೇಕಿದ್ದ ಎರಡೂ ರೈಲುಗಳ ಸಮಯ ಬರೆದು, ಟಿಕೆಟಿನ ಫೋಟೋ ಹಾಕಿದೆ. ಹಣ ಬ್ಯಾಂಕಿಗೆ ಬಂತು. ವೋಚರ್ ಕೊಡ್ತೀವಿ ಅಂದರೆ ಒಪ್ಪಲೇಬೇಕಿಲ್ಲ, ಹಣವನ್ನೇ ಕೇಳಬಹುದು.

ಅರ್ಜಿಗೆ 28 ದಿನ ಗಡುವು. ನನ್ನ ತಪ್ಪು ಅರ್ಜಿಯಲ್ಲೇ ಅದರಲ್ಲಿ ಅರ್ಧ ಕಳೆದಿತ್ತು. ತಡವಾದಾಗ ತಾನಾಗಿಯೇ ಹಣ ಹಾಕುವ ವ್ಯವಸ್ಥೆ ಒಂದೆರಡು ಕಡೆ ಇದೆ. ಎಲ್ಲ ಕಡೆ ಯಾಕಿಲ್ಲ ಅನ್ನುವುದೇ ನನ್ನ ತಕರಾರು. ಯಾವ ರೈಲು ಎಷ್ಟು ತಡ ಅಂತ ಅವರ ಕಂಪ್ಯೂಟರಿಗೆ ಗೊತ್ತು, ಆದರೂ ಅರ್ಜಿ ಬರೆಯುವವರು ನಾವು.

ಕಾಗದದ ಟಿಕೆಟ್ ಇದ್ದರೆ ಇನ್ನೊಂದು ಪೀಕಲಾಟ. ಇಳಿಯುವ ಸ್ಟೇಷನ್ನಿನ ಗೇಟಿಗೆ ಹಾಕಿದರೆ ಅದನ್ನು ನುಂಗಿಬಿಡುತ್ತದೆ. ಹಾಗಾಗಿ ಈಗ ರೈಲಿನಲ್ಲೇ ಫೋಟೋ ತೆಗೆದುಕೊಂಡು, ಪಕ್ಕದ ಅಗಲ ಗೇಟಿನ ಸಿಬ್ಬಂದಿಗೆ ಟಿಕೆಟ್ ತೋರಿಸಿ ಹೊರಬರುತ್ತೇನೆ.