ಮುಖ್ಯ ಅತಿಥಿಗಳು ಬರುವವರೆಗೆ ರೋಗಾಣು ಕಾಯತಕ್ಕದ್ದು

ದನಗಳಿಗೆ ಬರುವ ಚಪ್ಪೆ ರೋಗದ ರೋಗಾಣುವಿಗೆ ಶಿಷ್ಟಾಚಾರದ ಪರಿಚಯವೇ ಇಲ್ಲ. ಮುಂಗಾರಿನ ಮಳೆ ಬಿದ್ದು ಗೋಮಾಳದಲ್ಲಿ ಹುಲ್ಲು ಚಿಗುರಿದರೆ ಸಾಕು, ಆಹ್ವಾನ ಪತ್ರಿಕೆ ಅಚ್ಚಾಗಿದೆಯೇ, ಅತಿಥಿಗಳ ಕಾರು ಹೊರಟಿದೆಯೇ ಎಂದು ಒಂದು ಮಾತೂ ವಿಚಾರಿಸದೆ ತನ್ನ ಕೆಲಸ ಆರಂಭಿಸಿಬಿಡುತ್ತದೆ. ನಮ್ಮ ತಾಲ್ಲೂಕಿನ ಲಸಿಕಾ ಶಿಬಿರಕ್ಕೆ ಕಳಂಕ ತಂದದ್ದು ಈ ಅವಸರವೇ.

ಶಿಬಿರವನ್ನು ಮೇ ತಿಂಗಳ ಮೊದಲ ವಾರಕ್ಕೆ ನಿಗದಿ ಮಾಡಿದ್ದರು. ಅದಕ್ಕೆ ಕಾರಣವೂ ಇತ್ತು. ಈ ಲಸಿಕೆ ಎಂದರೆ ಫಾರ್ಮಾಲಿನ್ ಹಾಕಿ ಕೊಂದ ರೋಗಾಣು. ಅದನ್ನು ಚರ್ಮದಡಿ ಕೊಟ್ಟ ಮರುದಿನವೇ ದನಕ್ಕೆ ರಕ್ಷಣೆ ಬರುವುದಿಲ್ಲ. ಎರಡು ಮೂರು ವಾರವಾದರೂ ಬೇಕು. ಜೂನ್ ಆರಂಭದಲ್ಲಿ ಮುಂಗಾರು ಕಾಲಿಡುವ ಊರಿನಲ್ಲಿ ಮೇ ಮಧ್ಯದೊಳಗೆ ಚುಚ್ಚಿ ಮುಗಿಸಿದರೆ ಮಾತ್ರ ಲೆಕ್ಕ ಸರಿಹೋಗುತ್ತದೆ. ಬೆಂಗಳೂರಿನ ಹೆಬ್ಬಾಳದಲ್ಲಿ ತಯಾರಾದ ಲಸಿಕೆ ಸಮಯಕ್ಕೆ ಸರಿಯಾಗಿ ಬಂದು ಫ್ರಿಜ್ಜಿನಲ್ಲಿ ಕುಳಿತಿತ್ತು. ಸಮಯಕ್ಕೆ ಬಂದದ್ದು ಅದೊಂದೇ.

ಮೇ ಮೊದಲ ವಾರ ಉದ್ಘಾಟಕರಿಗೆ ಮದುವೆಗಳಿದ್ದವು. ಎರಡನೆಯ ವಾರ ಗೃಹಪ್ರವೇಶಗಳು. ಮೂರನೆಯ ವಾರ ಪುರುಸೊತ್ತಾಯಿತು, ಆದರೆ ಆಹ್ವಾನ ಪತ್ರಿಕೆಯಲ್ಲಿ ಒಬ್ಬ ಸದಸ್ಯರ ಹೆಸರು ಇನ್ನೊಬ್ಬರ ಹೆಸರಿನ ಕೆಳಗೆ ಬಂದಿದ್ದರಿಂದ ಮರುಮುದ್ರಣ ಮಾಡಿಸಬೇಕಾಯಿತು. ಉದ್ಘಾಟನೆಯಿಲ್ಲದೆ ಸಿರಿಂಜ್ ಎತ್ತಿಕೊಳ್ಳುವ ಧೈರ್ಯ ಯಾವ ಪಶುವೈದ್ಯನಿಗಿದೆ? ಅವನ ವರ್ಗಾವಣೆ ಯಾರ ಕೈಯಲ್ಲಿದೆ ಎಂಬುದು ದನಗಳಿಗೂ ಗೊತ್ತು.

ಕಡೆಗೆ ಜೂನ್ ಎರಡನೆಯ ವಾರ, ಒಳ್ಳೆಯ ಮಳೆಯಲ್ಲಿ, ಒಳ್ಳೆಯ ಶಾಮಿಯಾನದಡಿ ಶಿಬಿರ ನಡೆಯಿತು. ಬೆಳಿಗ್ಗೆ ಹತ್ತು ಗಂಟೆ ಎಂದು ಬರೆದಿದ್ದರು. ಮೇಯುವ ದನಗಳು ಒಂಬತ್ತಕ್ಕೇ ಗೋಮಾಳಕ್ಕೆ ಹೋಗಿಬಿಡುತ್ತವೆ ಎಂಬುದು ಊರಿನ ಚಿಕ್ಕ ಮಕ್ಕಳಿಗೂ ತಿಳಿದ ವಿಷಯ. ಹಾಗಾಗಿ ಶಿಬಿರಕ್ಕೆ ಬಂದದ್ದು ಕೊಟ್ಟಿಗೆಯಲ್ಲಿ ಕಟ್ಟಿ ಸಾಕುವ ಒಂದಷ್ಟು ಮುದಿ ಹಸುಗಳು, ಎರಡು ಮುದಿ ಎತ್ತುಗಳು ಮತ್ತು ಒಂದೇ ಒಂದು ಕಡಸು. ಅವುಗಳಿಗೆ ಹಾರ ಹಾಕಿ, ಅತಿಥಿಗಳ ಜೊತೆ ನಿಲ್ಲಿಸಿ ಫೋಟೋ ತೆಗೆದರು. ಚಪ್ಪೆ ರೋಗ ಹೆಚ್ಚಾಗಿ ಹಿಡಿಯುವುದು ಆರು ತಿಂಗಳಿಂದ ಎರಡು ವರ್ಷದೊಳಗಿನ ಕಡಸು, ಹೋರಿಗಳನ್ನು. ಅದರಲ್ಲೂ ಚೆನ್ನಾಗಿ ಮೇದು ಮೈ ತುಂಬಿಕೊಂಡವನ್ನು. ಆ ವಯಸ್ಸಿನ ಉಳಿದವೆಲ್ಲ ಆ ಹೊತ್ತಿನಲ್ಲಿ ಒದ್ದೆ ಹುಲ್ಲು ಮೇಯುತ್ತಿದ್ದವು. ಲಸಿಕೆಯ ಥರ್ಮಕೋಲ್ ಪೆಟ್ಟಿಗೆಯಲ್ಲಿದ್ದ ಐಸ್ ನಡುವೆ ಗಣ್ಯರ ಕುಡಿಯುವ ನೀರಿನ ಬಾಟಲಿಗಳು ತಣ್ಣಗಿದ್ದವು. ಅವುಗಳಿಗೆ ಜಾಗ ಮಾಡಿಕೊಡಲು ಲಸಿಕೆಯ ಬಾಟಲಿಗಳನ್ನು ಹೊರಗೆ ಮೇಜಿನ ಮೇಲೆ ಹೂಕುಂಡದ ಪಕ್ಕ ಸಾಲಾಗಿ ಜೋಡಿಸಿದ್ದರು. ಫೋಟೋದಲ್ಲಿ ಚೆನ್ನಾಗಿ ಬಂದಿವೆ.

ರೋಗಾಣುವಿನ ಪರವಾಗಿಯೂ ಒಂದು ಮಾತು ಹೇಳಬೇಕು. ಅದು ಹೊರಗಿನಿಂದ ಬರುವ ಅತಿಥಿಯಲ್ಲ, ಮಣ್ಣಿನಲ್ಲೇ ಇರುವ ಖಾಯಂ ನಿವಾಸಿ. ಗಟ್ಟಿ ಕವಚದ ಬೀಜಾಣುವಾಗಿ ವರ್ಷಗಟ್ಟಲೆ ನೆಲದಲ್ಲಿ ಮಲಗಿರುತ್ತದೆ. ಮಳೆಯ ನೀರು ಮಣ್ಣನ್ನು ಕದಡಿದಾಗ ಹುಲ್ಲಿನೊಂದಿಗೆ ದನದ ಹೊಟ್ಟೆ ಸೇರಿ, ಅಲ್ಲಿಂದ ಮಾಂಸಖಂಡಕ್ಕೆ ಹೋಗಿ ಸುಮ್ಮನೆ ಕಾಯುತ್ತದೆ. ತೊಡೆಗೋ ಭುಜಕ್ಕೋ ಒಂದು ಪೆಟ್ಟು ಬಿದ್ದು ಆ ಭಾಗಕ್ಕೆ ಆಮ್ಲಜನಕ ಕಡಿಮೆಯಾದರೆ ಎಚ್ಚರಗೊಂಡು ವಿಷವನ್ನೂ ಅನಿಲವನ್ನೂ ಉತ್ಪಾದಿಸುತ್ತದೆ. ಇದಕ್ಕೆ ಬೇಕಾದದ್ದು ಗಂಟೆಗಳು. ನಮ್ಮ ಕಡತಕ್ಕೆ ಬೇಕಾದದ್ದು ತಿಂಗಳುಗಳು. ಸ್ಪರ್ಧೆ ಮೊದಲಿನಿಂದಲೂ ಸಮಬಲದ್ದಾಗಿರಲಿಲ್ಲ.

ಶಿಬಿರ ಮುಗಿದ ಮೂರನೆಯ ದಿನ ಸಂಜೆ ಒಂದೂವರೆ ವರ್ಷದ ಹೋರಿಯೊಂದು ಗೋಮಾಳದಿಂದ ಕುಂಟುತ್ತಾ ಬಂತು. ಮೈ ಕೆಂಡ, ಮೇವು ಮುಟ್ಟಲಿಲ್ಲ. ಹಿಂದಿನ ತೊಡೆ ಊದಿ ಬಿಸಿಯಾಗಿತ್ತು, ಮುಟ್ಟಿದರೆ ಒದೆಯುತ್ತಿತ್ತು. ಉಳುಕಿದೆ ಎಂದು ಮನೆಯ ಅಜ್ಜ ಎಣ್ಣೆ ಹಚ್ಚಿ ನೀವಿದರು. ಪಕ್ಕದ ಮನೆಯ ತಜ್ಞರು ಬರೆ ಹಾಕಲು ಕುಡಗೋಲು ಕಾಯಿಸಿದರು. ಮಧ್ಯರಾತ್ರಿಯ ಹೊತ್ತಿಗೆ ಊತ ತಣ್ಣಗಾಗಿತ್ತು, ಹೋರಿ ಒದೆಯುವುದನ್ನು ನಿಲ್ಲಿಸಿತ್ತು. ಬರೆ ಫಲ ಕೊಟ್ಟಿತು ಎಂದು ತಜ್ಞರು ಮನೆಗೆ ಹೋಗಿ ಮಲಗಿದರು. ಊತವನ್ನು ಬೆರಳಿನಿಂದ ಒತ್ತಿದ್ದರೆ ಒಳಗೆ ಗಾಳಿ ತುಂಬಿ ಚರಚರ ಎನ್ನುವುದು ಗೊತ್ತಾಗುತ್ತಿತ್ತು. ನೋವು ಹೋದದ್ದು ಆ ಭಾಗದ ಮಾಂಸ ಸತ್ತಿದ್ದರಿಂದ. ಕುಂಟಲು ಆರಂಭಿಸಿದ ಗಳಿಗೆಯಲ್ಲೇ ಭಾರಿ ಪ್ರಮಾಣದ ಪೆನಿಸಿಲಿನ್ ಬಿದ್ದಿದ್ದರೆ ಒಂದಿಷ್ಟು ಆಸೆ ಇತ್ತು. ಬೆಳಗಾಗುವಾಗ ಹೋರಿ ಕಾಲು ಚಾಚಿ ಸತ್ತಿತ್ತು.

ಅದೇ ದಿನ, ಶಿಬಿರದಲ್ಲಿ ಲಸಿಕೆ ಪಡೆದಿದ್ದ ಏಕೈಕ ಕಡಸೂ ಸತ್ತಿತು. ಕಾಲುನೋವೆಂದು ಮೇಯಲು ಬಿಡದೆ ಮನೆಯಲ್ಲಿ ಕಟ್ಟಿದ್ದರಿಂದ ಅದು ಶಿಬಿರಕ್ಕೆ ಸಿಕ್ಕಿತ್ತು. ಲಸಿಕೆಯಿಂದ ರಕ್ಷಣೆ ಹುಟ್ಟುವ ಮೊದಲೇ ಅದರ ಮಾಂಸದಲ್ಲಿ ರೋಗಾಣು ಬೀಡುಬಿಟ್ಟಿತ್ತು. ಆದರೆ ಊರು ಅಷ್ಟು ದೂರ ಯೋಚಿಸಲಿಲ್ಲ. ‘ಸೂಜಿ ಚುಚ್ಚಿದ್ದಕ್ಕೇ ಸತ್ತಿತು’ ಎಂಬ ತೀರ್ಪು ಹೊತ್ತೇರುವ ಮೊದಲು ಮೂರು ಹಳ್ಳಿ ದಾಟಿತು. ವೈದ್ಯರು ಉಳಿದ ಎಳೆಯ ದನಗಳಿಗೆ ಲಸಿಕೆಯನ್ನೂ, ಅದು ಕೆಲಸ ಮಾಡುವವರೆಗೆ ಪೆನಿಸಿಲಿನ್ನನ್ನೂ ಕೊಡುತ್ತೇನೆಂದು ಮನೆಮನೆಗೆ ಹೋದರೆ ಬಾಗಿಲು ಹಾಕಿಕೊಂಡರು. ಉದ್ಘಾಟಕರೂ ಹೇಳಿಕೆ ಕೊಟ್ಟರು: ಲಸಿಕೆಯ ಗುಣಮಟ್ಟದ ಬಗ್ಗೆ ತನಿಖೆಯಾಗಲಿ.

ಇನ್ನು ಪರಿಹಾರದ ಕಥೆ. ಹೋರಿಯ ಯಜಮಾನ ಅರ್ಜಿ ಹಿಡಿದು ಹೋದ. ಗುಮಾಸ್ತರು ಮರಣೋತ್ತರ ಪರೀಕ್ಷೆಯ ವರದಿ ಕೇಳಿದರು. ವೈದ್ಯರು ಹೆಣ ಕೊಯ್ಯಲು ಒಪ್ಪಲಿಲ್ಲ. ಕೊಯ್ದರೆ ಒಳಗಿರುವ ರೋಗಾಣುವಿನ ಬೀಜಾಣುಗಳು ಹೊರಗೆ ಚೆಲ್ಲಿ ಆ ನೆಲವನ್ನೇ ಹಿಡಿಯುತ್ತವೆ. ಹಠಾತ್ ಸತ್ತ ದನದಲ್ಲಿ ಮೊದಲು ಆಂಥ್ರಾಕ್ಸ್ ಎನ್ನುವ ನೆರಡಿ ರೋಗ ಅಲ್ಲ ಎಂಬುದನ್ನು ಖಚಿತ ಮಾಡಿಕೊಳ್ಳಬೇಕು, ಅದು ಮನುಷ್ಯರಿಗೂ ಹರಡುತ್ತದೆ. ಕಿವಿಯ ರಕ್ತದ ಒಂದು ಹನಿ, ಊತದಿಂದ ಸೂಜಿಯಲ್ಲಿ ಎಳೆದ ಒಂದಿಷ್ಟು ದ್ರವ, ಇಷ್ಟನ್ನು ಗಾಜಿನ ಪಟ್ಟಿಯ ಮೇಲೆ ಸವರಿ ಪ್ರಯೋಗಾಲಯಕ್ಕೆ ಕಳಿಸಿದರು. ಗುಮಾಸ್ತರು ಅರ್ಜಿ ನಮೂನೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಅದರಲ್ಲಿ ‘ಕೊಯ್ದ ದಿನಾಂಕ’ ಎಂಬ ಅಂಕಣವಿತ್ತು, ‘ಕೊಯ್ಯದಿರಲು ಕಾರಣ’ ಎಂಬ ಅಂಕಣವಿರಲಿಲ್ಲ. ಜೊತೆಗೆ ಕಿವಿಯೋಲೆಯ ಸಂಖ್ಯೆ ಬೇಕಿತ್ತು. ಕಿವಿಯೋಲೆ ಹಾಕಬೇಕಿದ್ದದ್ದು ಅದೇ ಶಿಬಿರದಲ್ಲಿ, ಹೋರಿ ಮೇಯಲು ಹೋಗಿದ್ದ ಹೊತ್ತಿನಲ್ಲಿ.

ಹೆಣವನ್ನು ಆರಡಿ ಆಳದ ಗುಂಡಿ ತೆಗೆದು, ಸುಣ್ಣ ಹಾಕಿ, ಮುಚ್ಚಬೇಕೆಂದು ವೈದ್ಯರು ಬರೆದುಕೊಟ್ಟರು. ಪಂಚಾಯಿತಿಯ ಬಳಿ ಜೆಸಿಬಿ ಬಾಡಿಗೆಗೆ ಅನುದಾನವಿರಲಿಲ್ಲ, ಸುಣ್ಣಕ್ಕೆ ಇತ್ತು. ಸುಣ್ಣ ಬಂತು, ಅದನ್ನು ಪಂಚಾಯಿತಿ ಕಟ್ಟಡಕ್ಕೆ ಬಳಿದರು. ಹೋರಿಯನ್ನು ರಾತ್ರಿ ಎತ್ತಿನಗಾಡಿಯಲ್ಲಿ ಸಾಗಿಸಿ ಕೆರೆಯಂಗಳದಲ್ಲಿ ಬಿಟ್ಟು ಬಂದರು, ನಾಯಿಗಳು ಉಳಿದದ್ದನ್ನು ನೋಡಿಕೊಂಡವು.

ಕಳೆದ ಗ್ರಾಮಸಭೆಯಲ್ಲಿ ಜಾನುವಾರುಗಳ ಹಿತಕ್ಕಾಗಿ ಒಂದು ನಿರ್ಣಯ ಅವಿರೋಧವಾಗಿ ಅಂಗೀಕಾರವಾಗಿದೆ. ಆ ಕೆರೆಯ ಹೂಳೆತ್ತಿ, ಆ ಗೋಡುಮಣ್ಣನ್ನು ಗೋಮಾಳಕ್ಕೆ ಹರಡಿ, ಮುಂದಿನ ಮುಂಗಾರಿಗೆ ಅಲ್ಲಿ ಎಳೆಯ ದನಗಳಿಗೆಂದೇ ಹಸಿರು ಮೇವು ಬೆಳೆಸುವುದು. ಉದ್ಘಾಟಕರ ಬಿಡುವಿನ ದಿನಾಂಕವನ್ನು ಈ ಬಾರಿ ಮುಂಚಿತವಾಗಿಯೇ ಪಡೆದುಕೊಳ್ಳಲಾಗಿದೆ.